ನಾಯಿ ಬೊಗಳಲಿಲ್ಲವಂತೆ

ಪ್ರೀತಿಯ ತಮ್ಮಾ,

ನಿನ್ನ ಕಥೆಯ ಎರಡೂ ಕರಡು ಓದಿದೆ. ಯುಗಾದಿ ಹೊತ್ತಿಗೆ ಕಳಿಸಿದ್ದು ಒಂದು, ಹೋದ ವಾರ ಕಳಿಸಿದ್ದು ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲಿನಲ್ಲಿ ಗೀಟು ಹಾಕುತ್ತಾ ಹೋದೆ. ಮೊದಲನೆಯದರಲ್ಲಿ 17 ಕಡೆ ‘ಅಂತೆ’ ಇತ್ತು. ಎರಡನೆಯದರಲ್ಲಿ ಒಂದೂ ಇಲ್ಲ.

ಕಾರಣ ನಿನ್ನ ಪತ್ರದಲ್ಲೇ ಇದೆ: ‘ಅಂತೆ ಆಡುಮಾತಂತೆ ಅಕ್ಕ, ಕಥೆಯಲ್ಲಿ ಗಾಳಿಸುದ್ದಿ ಥರ ಕೇಳುತ್ತಂತೆ. ಅದಕ್ಕೇ ಎಲ್ಲ ತೆಗೆದೆ.’ ಅಂತೆ ಬೇಡ ಅಂತ ಹೇಳೋಕೂ ನಿನಗೆ ಎರಡು ಅಂತೆ ಬೇಕಾಯ್ತು, ನೋಡಿದೆಯಾ? ನಗಬೇಡ, ಇಲ್ಲೇ ಎಲ್ಲ ಇದೆ. ಆ ಮಾತು ನಿನ್ನದಲ್ಲ. ಯಾರೋ ಹೇಳಿದ್ದು. ಇಷ್ಟನ್ನೂ ‘ಕೇಳುತ್ತೆ’ ಅನ್ನೋದಕ್ಕೆ ಒಂದು ಬಾಲ ಹಚ್ಚಿ ನನಗೆ ತಿಳಿಸಿಬಿಟ್ಟೆ. ಕಥೆಯಿಂದ ನೀನು ಕಿತ್ತು ಎಸೆದದ್ದು ಇದನ್ನೇ.

ಭಾಷೆಯನ್ನು ಅಧ್ಯಯನ ಮಾಡುವವರು ಇದಕ್ಕೆ ಎವಿಡೆನ್ಶಿಯಾಲಿಟಿ ಅನ್ನುತ್ತಾರೆ. ಹೇಳುವವನಿಗೆ ಈ ಸಂಗತಿ ಹೇಗೆ ಗೊತ್ತಾಯಿತು ಅನ್ನುವುದನ್ನು ವ್ಯಾಕರಣವೇ ಗುರುತು ಹಾಕಿ ತೋರಿಸುವುದು, ಅಷ್ಟೇ. ಹೆಸರು ನಿನಗೆ ನೆನಪಿರಬೇಕಾಗಿಲ್ಲ. ಕೆಲಸ ಮಾತ್ರ ಗೊತ್ತಿರಬೇಕು.

ಮಳೆಯಿಂದ ಶುರುಮಾಡೋಣ. ಮನೆಯ ಜಗಲಿಯಲ್ಲಿ ಕೂತು ನೋಡಿದವನು ‘ಮಳೆ ಬಂತು’ ಅನ್ನುತ್ತಾನೆ. ಬೆಳಿಗ್ಗೆ ಎದ್ದು ಬಾಗಿಲು ತೆಗೆದವನು ಅಂಗಳ ಒದ್ದೆಯಾಗಿರುವುದನ್ನು ಕಂಡು ‘ಓ, ರಾತ್ರಿ ಮಳೆ ಬಂದಿದೆ’ ಅನ್ನುತ್ತಾನೆ. ಅವನು ಮಳೆ ನೋಡಿಲ್ಲ, ಮಳೆ ಬಿಟ್ಟುಹೋದದ್ದನ್ನು ನೋಡಿದ್ದಾನೆ. ಬಾಗಿಲು ತೆಗೆಯದೆ ಹಾಸಿಗೆಯಲ್ಲೇ ಇದ್ದು, ಗಾಳಿ ತಣ್ಣಗಿದೆಯಲ್ಲ ಅಂತ ಲೆಕ್ಕ ಹಾಕುವವನು ‘ಮಳೆ ಬಂದಿರಬೇಕು’ ಅನ್ನುತ್ತಾನೆ. ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ತಂಗಿಯ ಹತ್ತಿರ ಕೇಳಿ ತಿಳಿದವನು ಗೆಳೆಯನಿಗೆ ‘ಊರಲ್ಲಿ ಮಳೆ ಬಂತಂತೆ’ ಅನ್ನುತ್ತಾನೆ. ಮಳೆ ಒಂದೇ. ಮಾತಾಡಿದವರು ನಾಲ್ಕು ಜಾಗದಲ್ಲಿ ನಿಂತಿದ್ದಾರೆ. ಯಾರು ಎಲ್ಲಿ ನಿಂತಿದ್ದಾರೆ ಅಂತ ನೀನು ಬೇರೆ ವಾಕ್ಯ ಬರೆದು ಹೇಳಬೇಕಿಲ್ಲ, ಕ್ರಿಯಾಪದದ ತುದಿ ಹೇಳುತ್ತದೆ.

ಈಗ ನಿನ್ನ ಕಥೆಗೆ ಬರ್ತೀನಿ. ಕಥೆ ಹೇಳುವ ಹುಡುಗನಿಗೆ ಎಂಟು ವರ್ಷ. ಅವನು ಮಲಗಿದ್ದ ರಾತ್ರಿ ದೊಡ್ಡಪ್ಪ ಮನೆ ಬಿಟ್ಟು ಹೋದ. ಎರಡನೇ ಕರಡಿನಲ್ಲಿ ನೀನು ಬರೆದದ್ದು ಹೀಗೆ:

‘ದೊಡ್ಡಪ್ಪ ರಾತ್ರಿ ಎದ್ದ. ಚೀಲಕ್ಕೆ ಎರಡು ಪಂಚೆ ತುರುಕಿಕೊಂಡ. ಹಿತ್ತಲ ಬಾಗಿಲಿನಿಂದ ಹೋದ. ನಾಯಿ ಬೊಗಳಲಿಲ್ಲ. ನಾನು ಎದ್ದು ಕೂತು ದೊಡ್ಡಪ್ಪಾ ಅಂದೆ.’

ಓದಿದ ತಕ್ಷಣ ನನಗೆ ಬಂದ ಪ್ರಶ್ನೆ: ಇದನ್ನೆಲ್ಲ ನೋಡಿದವರು ಯಾರು? ಹುಡುಗ ನಿದ್ದೆಯಲ್ಲಿದ್ದ ಅಂತ ಹಿಂದಿನ ಪುಟದಲ್ಲಿ ನೀನೇ ಬರೆದಿದ್ದೀಯ. ಪಂಚೆ ಎರಡು ಅಂತ ಅವನಿಗೆ ಹೇಗೆ ಗೊತ್ತು? ಕೊನೆಯ ವಾಕ್ಯವಂತೂ ಕಥೆಯನ್ನೇ ಬದಲಾಯಿಸಿಬಿಟ್ಟಿದೆ. ಈಗ ಹುಡುಗ ಎಚ್ಚರಾಗಿದ್ದಾನೆ, ದೊಡ್ಡಪ್ಪ ಹೋಗುವುದನ್ನು ಕಂಡಿದ್ದಾನೆ, ಕರೆದಿದ್ದಾನೆ. ಆದರೆ ಬೆಳಿಗ್ಗೆ ಮನೆಯವರೆಲ್ಲ ಹುಡುಕುವಾಗ ಸುಮ್ನಿದ್ದಾನೆ. ಯಾಕೆ? ನಿನ್ನ ಕಥೆಗೆ ಆ ಪ್ರಶ್ನೆ ಬೇಕಾಗಿರಲಿಲ್ಲ. ಒಂದು ‘ಅಂತೆ’ ತೆಗೆದದ್ದಕ್ಕೆ ಬಂದು ಸೇರಿಕೊಂಡಿತು.

ಮೊದಲ ಕರಡಿನಲ್ಲಿ ಅದೇ ವಾಕ್ಯ ಹೀಗಿತ್ತು: ‘ನಾನು ನಿದ್ದೆಗಣ್ಣಲ್ಲೇ ಎದ್ದು ಕೂತು ದೊಡ್ಡಪ್ಪಾ ಅಂದೆನಂತೆ.’ ತಮ್ಮಾ, ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದು. ‘ನಾನು’ ಜೊತೆಗೆ ‘ಅಂತೆ’ ಬರುವುದು ಅಪರೂಪ. ನಾನು ಮಾಡಿದ ಕೆಲಸ ನನಗೇ ಬೇರೆಯವರು ಹೇಳಿ ಗೊತ್ತಾಗಬೇಕು ಅಂದರೆ, ನಾನು ಆಗ ನಿದ್ದೆಯಲ್ಲಿರಬೇಕು, ಜ್ವರದಲ್ಲಿ ಬಡಬಡಿಸುತ್ತಿರಬೇಕು, ಕುಡಿದಿರಬೇಕು, ಇಲ್ಲಾ ತೀರಾ ಕೂಸಾಗಿರಬೇಕು. ‘ನಾನು ಹುಟ್ಟಿದಾಗ ಅಳಲೇ ಇಲ್ಲವಂತೆ’ ಅನ್ನುತ್ತೇವಲ್ಲ, ಹಾಗೆ. ಇನ್ನೊಂದು ಸಂದರ್ಭ ಇದೆ, ಅದು ಜಗಳದ್ದು. ‘ನಾನು ಅವಳ ಸರ ಕದ್ದೆನಂತೆ!’ ಅಂತ ಪಕ್ಕದ ಮನೆಯವಳು ಕೂಗಿದರೆ, ಅವಳು ಸುದ್ದಿ ಹೇಳುತ್ತಿಲ್ಲ. ಆ ಮಾತನ್ನು ಹೇಳಿದವರ ಮುಖಕ್ಕೇ ವಾಪಸ್ ಎಸೆಯುತ್ತಿದ್ದಾಳೆ. ಅಕ್ಷರ ಅವೇ, ದನಿ ಬೇರೆ.

ಆ ಸಾಲಿನಲ್ಲಿ ಇನ್ನೂ ಒಂದು ಗುಟ್ಟು ಇದೆ, ಅದನ್ನು ಕೊನೆಗೆ ಹೇಳ್ತೀನಿ.

‘ಅಂತೆ’ ಮತ್ತು ‘ಅಂತ’ ಒಂದೇ ಮನೆಯವು, ಎರಡೂ ‘ಅನ್ನು’ವಿನ ಕಡೆಯವೇ. ಆದರೆ ಸ್ವಭಾವ ಬೇರೆ. ‘ನಾಯಿ ಬೊಗಳಲಿಲ್ಲ ಅಂತ ಅಜ್ಜಿ ಹೇಳಿದಳು’ ಅಂದರೆ ಹೇಳಿದವಳು ಪುಟದ ಮೇಲೆ ಬಂದು ನಿಲ್ಲುತ್ತಾಳೆ. ‘ನಾಯಿ ಬೊಗಳಲಿಲ್ಲವಂತೆ’ ಅಂದರೆ ಯಾರೋ ಹೇಳಿದ್ದಾರೆ ಅನ್ನುವುದು ಖಚಿತ, ಯಾರು ಅನ್ನುವುದು ಮಾತ್ರ ಪರದೆಯ ಹಿಂದೆ. ಒಬ್ಬರ ಬಾಯಿಂದ ಬಂದದ್ದೋ, ಐದು ಬಾಯಿ ದಾಟಿ ಬಂದದ್ದೋ ಅದೂ ತಿಳಿಯುವುದಿಲ್ಲ. ಎಷ್ಟು ಕೈ ಬದಲಾದರೂ ಅಂತೆ ಒಂದೇ. ಅದಕ್ಕೇ ಊರಲ್ಲಿ ಅಂತೆಕಂತೆ ಅನ್ನುವ ಮಾತು ಹುಟ್ಟಿದ್ದು. ನಿನಗೆ ಸಲಹೆ ಕೊಟ್ಟವರಿಗೆ ಗಾಳಿಸುದ್ದಿ ನೆನಪಾಗಿದ್ದೂ ಇದರಿಂದಲೇ ಇರಬೇಕು.

ಆದರೆ ಅವರು ಒಂದು ಕಡೆ ಎಡವಿದ್ದಾರೆ. ‘ಅಂತೆ’ ಅನುಮಾನದ ಗುರುತಲ್ಲ. ಬೇಕಾದರೆ ಬಾಯಲ್ಲಿ ಹೇಳಿ ನೋಡು. ‘ಮಳೆ ಬಂತಂತೆ, ಆದರೆ ನಾನು ನಂಬಲ್ಲ’, ಸರಿಯಾಗಿದೆ. ‘ಮಳೆ ಬಂತಂತೆ, ಸದ್ಯ ಬೆಳೆ ಉಳೀತು’, ಇದೂ ಸರಿಯಾಗಿದೆ. ಎರಡನೆಯವನಿಗೆ ಎಳ್ಳಷ್ಟೂ ಅನುಮಾನ ಇಲ್ಲ. ಈಗ ‘ಮಳೆ ಬಂದಿರಬೇಕು, ಆದರೆ ನಾನು ನಂಬಲ್ಲ’ ಅಂದು ನೋಡು. ಎಡವಟ್ಟಾಗುತ್ತದೆ, ಅಲ್ವಾ? ‘ಇರಬೇಕು’ ನಿನ್ನದೇ ಲೆಕ್ಕ, ಅದನ್ನು ನೀನೇ ನಂಬಲ್ಲ ಅನ್ನೋಕಾಗಲ್ಲ. ‘ಅಂತೆ’ ಇನ್ನೊಬ್ಬರ ಮಾತು. ನೀನು ತಂದು ಮುಟ್ಟಿಸಿದ್ದೀಯ, ನಂಬುವುದು ಬಿಡುವುದು ಆಮೇಲಿನ ವಿಚಾರ. ನಿಜವೋ ಸುಳ್ಳೋ ಅನ್ನುವುದು ಒಂದು ಪ್ರಶ್ನೆ, ಎಲ್ಲಿಂದ ಬಂತು ಅನ್ನುವುದು ಬೇರೆ ಪ್ರಶ್ನೆ. ‘ಅಂತೆ’ ಎರಡನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ.

ಇದನ್ನು ನಾನು ಕಲಿತದ್ದು ಬೈಸಿಕೊಂಡು. ಕಥೆ ಬರೆಯೋಕೆ ಶುರುಮಾಡುವ ಮುಂಚೆ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸಕ್ಕಿದ್ದೆ. ಒಂದು ರಾತ್ರಿ ತಾಲ್ಲೂಕಿನ ವರದಿಗಾರ ಫೋನ್ ಮಾಡಿ, ‘ಕೆರೆ ಏರಿ ಒಡೀತಂತೆ, ತಗೊಳ್ಳಿ’ ಅಂದರು. ಪುಟ ಮುಗಿಸುವ ಅವಸರ. ನಾನು ‘ಕೆರೆ ಏರಿ ಒಡೆದಿದೆ’ ಅಂತ ಬರೆದು ಕೊಟ್ಟೆ. ಬರಹದ ಭಾಷೆ ಆಯ್ತು ಅಂತ ಖುಷಿಯಾಗಿದ್ದೆ! ನಿಜದಲ್ಲಿ ಏರಿಗೆ ಏನೂ ಆಗಿರಲಿಲ್ಲ, ತೂಬಿನ ಹತ್ತಿರ ನೀರು ಸೋರುತ್ತಿತ್ತು ಅಷ್ಟೆ. ಕೆರೆಯ ಕೆಳಗಿನ ಊರಿನವರು ಮಾರನೇ ದಿನ ಫೋನ್ ಮೇಲೆ ಫೋನ್. ವರದಿಗಾರರನ್ನು ಕೇಳಿದರೆ, ‘ನಾನು ಒಡೀತಂತೆ ಅಂದಿದ್ದೆ ಮೇಡಂ, ಒಡೆದಿದೆ ಅಂದಿರಲಿಲ್ಲ’ ಅಂದರು. ಅವರದು ತಪ್ಪಿರಲಿಲ್ಲ. ಕೇಳಿದ್ದನ್ನು ಕೇಳಿದ್ದು ಅಂತಲೇ ಹೇಳಿದ್ದರು. ನಾನು ಅದನ್ನು ಏರಿಯ ಮೇಲೆ ನಿಂತು ನೋಡಿದವಳ ಹಾಗೆ ಬರೆದಿದ್ದೆ. ಪತ್ರಿಕೆಯವರು ‘ಎನ್ನಲಾಗಿದೆ’, ‘ಎಂದು ತಿಳಿದುಬಂದಿದೆ’ ಅಂತ ಬರೆಯುತ್ತಾರಲ್ಲ, ಆ ಒಣ ಮಾತುಗಳು ‘ಅಂತೆ’ಗೆ ಹೊಲಿಸಿದ ಸೂಟು-ಬೂಟು. ಕಥೆಯಲ್ಲಿ ಅವನ್ನು ಮಾತ್ರ ತರಬೇಡ ಮಾರಾಯ.

ನಮ್ಮಲ್ಲಿ ‘ಅಂತೆ’ಯನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ನೀನು ಹದಿನೇಳನ್ನೂ ಕಿತ್ತುಹಾಕಿದೆ, ವ್ಯಾಕರಣ ತಕರಾರು ಮಾಡಲಿಲ್ಲ. ಎಲ್ಲ ಭಾಷೆಗಳೂ ಇಷ್ಟು ಸಡಿಲ ಇಲ್ಲ. ಕೊಲಂಬಿಯಾ, ಬ್ರೆಜಿಲ್ ಗಡಿಯ ಕಾಡಿನಲ್ಲಿ, ವೌಪೆಸ್ ನದಿಯ ಸೀಮೆಯಲ್ಲಿ ಟುಯುಕಾ ಅಂತ ಒಂದು ಭಾಷೆ ಇದೆ. ಜಾನೆಟ್ ಬಾರ್ನ್ಸ್ ಅನ್ನುವ ಭಾಷಾವಿಜ್ಞಾನಿ 1984ರಲ್ಲಿ ಅದರ ಬಗ್ಗೆ ಬರೆದರು. ಅವರು ಕೊಟ್ಟ ಉದಾಹರಣೆ ಎಲ್ಲ ಕಡೆ ಓಡಾಡುತ್ತದೆ. ‘ಅವನು ಫುಟ್‌ಬಾಲ್ ಆಡಿದ’ ಅಂತ ಆ ಭಾಷೆಯಲ್ಲಿ ಬರೀ ಹಾಗೆ ಹೇಳೋಕೆ ಆಗುವುದಿಲ್ಲ. ಆಡುವುದನ್ನು ಕಣ್ಣಾರೆ ನೋಡಿದ್ದರೆ ಕ್ರಿಯಾಪದದ ತುದಿಗೆ ‘ವಿ’. ಆಟದ ಸದ್ದು ಮಾತ್ರ ಕೇಳಿಸಿದ್ದರೆ ‘ತಿ’. ಬಯಲಿನಲ್ಲಿ ಅವನ ಬೂಟಿನ ಗುರುತು ಕಂಡಿದ್ದರೆ ‘ಯಿ’. ಯಾರೋ ಹೇಳಿದ್ದರೆ ಬೇರೊಂದು, ಅವನು ಆಡಿರುವುದೇ ಸಹಜ ಅಂತ ಅಂದಾಜು ಮಾಡಿದ್ದರೆ ಇನ್ನೊಂದು. ಒಟ್ಟು ಐದು. ಒಂದನ್ನು ಆರಿಸದೆ ವಾಕ್ಯ ಮುಗಿಯುವುದಿಲ್ಲ. ನಿನ್ನ ಎರಡನೇ ಕರಡನ್ನು ಅಲ್ಲಿಯವರ ಮುಂದೆ ಓದಿದರೆ ಎಂಟು ವರ್ಷದ ಹುಡುಗ ಕತ್ತಲಲ್ಲಿ ಕೂತು ಪಂಚೆ ಎಣಿಸಿದ ಅಂದುಕೊಳ್ಳುತ್ತಾರೆ.

ಅಷ್ಟು ದೂರ ಬೇಡ ಅಂದರೆ ಟರ್ಕಿಗೆ ಹೋಗು. ಅಲ್ಲಿ ಆಗಿಹೋದ ಸಂಗತಿಗೆ ಎರಡು ದಾರಿ. ‘ಗೆಲ್ದಿ’ ಅಂದರೆ ಬಂದ, ನನಗೆ ನೇರವಾಗಿ ಗೊತ್ತು. ‘ಗೆಲ್ಮಿಶ್’ ಅಂದರೆ ಬಂದನಂತೆ. ಅಜ್ಜಿಕಥೆ ಶುರುವಾಗುವುದೇ ‘ಬಿರ್ ವರ್ಮಿಶ್, ಬಿರ್ ಯೋಕ್ಮುಶ್’ ಅಂತ. ಒಂದು ಇತ್ತಂತೆ, ಒಂದು ಇರಲಿಲ್ಲವಂತೆ. ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಅಂತ ನಮ್ಮಜ್ಜಿ ಶುರುಮಾಡುತ್ತಿದ್ದಳಲ್ಲ, ಅದೇ ರಾಗ.

ಹಾಗಂತ ‘ಮಿಶ್’ ಮತ್ತು ‘ಅಂತೆ’ ಎರಡೂ ಒಂದೇ ಅಂದುಕೊಳ್ಳಬೇಡ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಬಾಗಿಲಲ್ಲಿ ಅವನ ಚಪ್ಪಲಿ ಕಂಡರೂ ಟರ್ಕಿಯವನು ‘ಗೆಲ್ಮಿಶ್’ ಅನ್ನುತ್ತಾನೆ, ಯಾರೂ ಏನೂ ಹೇಳಿರಬೇಕಾಗಿಲ್ಲ. ನಾವು ಅಲ್ಲಿ ‘ಬಂದಿದ್ದಾನೆ’ ಅನ್ನುತ್ತೇವೆ. ಚಪ್ಪಲಿ ನೋಡಿ ‘ಬಂದನಂತೆ’ ಅಂದರೆ, ಚಪ್ಪಲಿಗೆ ಬಾಯಿ ಬಂತಾ ಅಂತ ಕೇಳುತ್ತಾರೆ. ಇನ್ನೊಂದು ಇದಕ್ಕಿಂತ ಚಂದ. ಓದುತ್ತಾ ಓದುತ್ತಾ ತೂಕಡಿಸಿ, ತಟ್ಟನೆ ಎಚ್ಚರಾದವನು ಅಲ್ಲಿ ‘ಉಯುಮುಶುಮ್’ ಅನ್ನುತ್ತಾನೆ. ಅಯ್ಯೋ, ನಿದ್ದೆ ಹೋಗಿಬಿಟ್ಟಿದ್ದೇನೆ, ಈಗ ಗೊತ್ತಾಯ್ತು ಅಂತ. ಕೋಣೆಯಲ್ಲಿ ಒಬ್ಬನೇ ಇದ್ದರೂ ಹಾಗನ್ನಬಹುದು. ಕನ್ನಡದಲ್ಲಿ ಒಬ್ಬನೇ ಕೂತು ‘ನಿದ್ದೆ ಮಾಡಿದೆನಂತೆ’ ಅನ್ನೋಕಾಗಲ್ಲ. ಅವರ ‘ಮಿಶ್’ ಕೇಳಿದ್ದನ್ನೂ ಊಹಿಸಿದ್ದನ್ನೂ ತಟ್ಟನೆ ಅರಿವಾದದ್ದನ್ನೂ ಒಂದೇ ಚೀಲದಲ್ಲಿ ಹಾಕುತ್ತದೆ. ನಮ್ಮ ‘ಅಂತೆ’ಗೆ ಇನ್ನೊಬ್ಬರ ಬಾಯಿ ಬೇಕೇ ಬೇಕು. ಬಾಯಿ ಅಲ್ಲದಿದ್ದರೆ ಪೇಪರು, ಕಾಗದ, ಏನೋ ಒಂದು. ಹೇಳಿದವರು ಇರಲೇಬೇಕು.

ಈಗ ನಿನ್ನ ಹದಿನೇಳಕ್ಕೆ ವಾಪಸ್. ಎಲ್ಲವನ್ನೂ ಮತ್ತೆ ಹಚ್ಚು ಅನ್ನಲ್ಲ. ಮೊದಲ ಕರಡಿನಲ್ಲೂ ಜಾಸ್ತಿಯೇ ಆಗಿತ್ತು. ಕಣ್ಣಿಂದ ನೋಡದ್ದಕ್ಕೆಲ್ಲ ‘ಅಂತೆ’ ಹಾಕಬೇಕು ಅಂತ ನೀನು ಆಗ ನಂಬಿದ್ದೆಯೇನೋ. ತಾಳಿಕೋಟೆ ಯುದ್ಧವನ್ನು ನಾವ್ಯಾರೂ ನೋಡಿಲ್ಲ. ಆದರೂ ‘1565ರಲ್ಲಿ ನಡೆಯಿತು’ ಅನ್ನುತ್ತೇವೆ. ‘ನಡೆಯಿತಂತೆ’ ಅಂದರೆ ಈಗಷ್ಟೇ ಯಾರೋ ಹೇಳಿ ಗೊತ್ತಾದವನ ಹಾಗೆ ಕೇಳುತ್ತದೆ. ಟರ್ಕಿಯಲ್ಲೂ ಹೀಗೇ, ಚರಿತ್ರೆಯ ಪುಸ್ತಕದಲ್ಲಿ ‘ದಿ’ ಧಾರಾಳವಾಗಿ ಬರುತ್ತದೆ. ಕೇಳಿದ ಮಾತು ಹಳೆಯದಾಗಿ, ಎಲ್ಲರಿಗೂ ಗೊತ್ತಾಗಿ, ನಮ್ಮದೇ ಆದಮೇಲೆ ಬಾಲ ಉದುರಿಹೋಗುತ್ತದೆ. ಹಾಗಾಗಿ ‘ನಮ್ಮ ತಾತ ಈ ಮನೆ ಕಟ್ಟಿಸಿದನಂತೆ’ ಅನ್ನುವುದು ನಿನ್ನ ಹುಡುಗನ ಬಾಯಲ್ಲಿ ಬೇಡ. ಅವನು ಹುಟ್ಟಿ ಬೆಳೆದ ಮನೆ ಅದು, ‘ಕಟ್ಟಿಸಿದ’ ಸಾಕು. ಮನೆಗೆ ಬಂದ ನೆಂಟ ಬೇಕಾದರೆ ‘ಕಟ್ಟಿಸಿದರಂತೆ’ ಅನ್ನಲಿ. ಹೀಗೆ ಒಂಬತ್ತು ಹೋದವು.

ಇನ್ನು ಕೆಲವಕ್ಕೆ ‘ಅಂತೆ’ಗಿಂತ ಒಳ್ಳೆಯದು ಇದೆ. ಪಂಚೆಯ ಸಾಲು ನೋಡು. ಹುಡುಗನಿಗೆ ಅದನ್ನು ಯಾರೂ ಹೇಳಬೇಕಿಲ್ಲ. ಬೆಳಿಗ್ಗೆ ಅವನೇ ನೋಡಲಿ: ‘ಗಳುವಿನ ಮೇಲೆ ದೊಡ್ಡಪ್ಪನ ಪಂಚೆ ಎರಡೂ ಇರಲಿಲ್ಲ. ಹಿತ್ತಲ ಬಾಗಿಲ ಅಗಳಿ ತೆಗೆದಿತ್ತು. ಆ ಕಡೆಯಿಂದಲೇ ಹೋಗಿರಬೇಕು.’ ಕಂಡದ್ದು ಎರಡು, ಲೆಕ್ಕ ಹಾಕಿದ್ದು ಒಂದು. ‘ಇರಬೇಕು’ ಬಂದಾಗ ಓದುವವನೂ ಹುಡುಗನ ಜೊತೆ ಲೆಕ್ಕ ಹಾಕುತ್ತಾನೆ.

ಇನ್ನೊಂದು ಸಣ್ಣ ತಾಪತ್ರಯ. ‘ದೊಡ್ಡಪ್ಪ ಆ ಊರಲ್ಲಿ ರಾಜನಂತೆ’ ಅಂತ ಬರೆದಿದ್ದೀಯ. ರಾಜನ ಹಾಗೆ ಇದ್ದಾನೆ ಅಂತಲೋ, ರಾಜ ಅಂತ ಯಾರೋ ಹೇಳಿದರು ಅಂತಲೋ? ಹೋಲಿಸುವ ಅಂತೆಯೂ ಕೇಳಿದ ಅಂತೆಯೂ ನಾಮಪದದ ಮೇಲೆ ಕೂತಾಗ ಒಂದೇ ಥರ ಕಾಣುತ್ತವೆ. ಕ್ರಿಯಾಪದದ ಮೇಲೆ ಈ ಗೊಂದಲ ಇಲ್ಲ: ‘ಬಂದಂತೆ’ ಹೋಲಿಕೆ, ‘ಬಂದನಂತೆ’ ಕೇಳಿದ್ದು. ಮಾತಿನಲ್ಲಿ ದನಿ ಕಾಪಾಡುತ್ತದೆ, ಪುಟದ ಮೇಲೆ ದನಿ ಇಲ್ಲ. ‘ರಾಜನ ಹಾಗೆ ಇದ್ದನಂತೆ’ ಅಂತ ಬಿಡಿಸಿ ಬರಿ.

ನಾಟಕೀಯವಾಗಿ ಬಳಸಬಹುದಾದ ಇನ್ನೊಂದು ರೂಪ ನಿನ್ನ ಮೊದಲ ಕರಡಿನಲ್ಲೇ ಇತ್ತು, ಗಮನಿಸದೆ ಬರೆದಿದ್ದೀಯ ಅನಿಸುತ್ತೆ. ಪೇಟೆಯಿಂದ ಬಂದ ಚಿಕ್ಕಪ್ಪನನ್ನು ದೊಡ್ಡಮ್ಮ ಕೇಳುತ್ತಾಳೆ: ‘ಯಾವಾಗ ಬರ್ತಾರಂತೆ?’ ಅವಳು ‘ಯಾವಾಗ ಬರ್ತಾರೆ?’ ಅನ್ನಲಿಲ್ಲ. ಪ್ರಶ್ನೆಗೆ ‘ಅಂತೆ’ ಹಚ್ಚಿದಾಗ ಅದು ಕೇಳಿಸಿಕೊಳ್ಳುವವನ ಕಡೆ ತಿರುಗುತ್ತದೆ. ನಿನಗೆ ಯಾರೋ ಏನೋ ಹೇಳಿದ್ದಾರೆ, ಅದನ್ನು ಹೇಳು ಅಂತ. ಅಂದರೆ ಅವನು ಗಂಡನನ್ನು ಕಂಡು ಮಾತಾಡಿಸಿಯೇ ಬಂದಿದ್ದಾನೆ ಅಂತ ದೊಡ್ಡಮ್ಮ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾಳೆ. ಚಿಕ್ಕಪ್ಪ ಇನ್ನೂ ಬಾಯಿ ಬಿಟ್ಟಿಲ್ಲ. ಎರಡನೇ ಕರಡಿನಲ್ಲಿ ‘ಯಾವಾಗ ಬರ್ತಾರೆ?’ ಆಗಿದೆ. ಈಗ ಅವಳು ಪಾಪದ ಹೆಂಗಸು ಅಷ್ಟೆ. ಹಳೆಯದನ್ನೇ ಇಟ್ಟುಕೋ.

ಕೊನೆಗೆ ಹೇಳ್ತೀನಿ ಅಂದಿದ್ದ ಗುಟ್ಟು. ಮೊದಲ ಕರಡಿನಲ್ಲಿ ಆ ರಾತ್ರಿಯ ಬಗ್ಗೆ ಎರಡು ‘ಅಂತೆ’ ಅಕ್ಕಪಕ್ಕ ಇದ್ದವು. ನಾಯಿ ಬೊಗಳಲಿಲ್ಲವಂತೆ. ನಾನು ನಿದ್ದೆಗಣ್ಣಲ್ಲೇ ದೊಡ್ಡಪ್ಪಾ ಅಂದೆನಂತೆ. ಎರಡನ್ನೂ ಯಾರೋ ಹುಡುಗನಿಗೆ ಹೇಳಿದ್ದಾರೆ. ನಾಯಿ ಬೊಗಳಿದ್ದು ಮಲಗಿದ್ದವರಿಗೂ ಕೇಳಿಸಬಹುದು. ಬೊಗಳಲಿಲ್ಲ ಅನ್ನುವುದು ಎಚ್ಚರ ಇದ್ದವರಿಗೆ ಮಾತ್ರ ಗೊತ್ತು. ಹುಡುಗ ಕನವರಿಸಿದ್ದು ಅವನ ಪಕ್ಕದಲ್ಲಿ ಮಲಗಿದ್ದವರಿಗೆ ಮಾತ್ರ ಗೊತ್ತು. ಪಕ್ಕದಲ್ಲಿ ಮಲಗುತ್ತಿದ್ದದ್ದು ಅಜ್ಜಿ, ಅದು ಮೊದಲ ಪುಟದಲ್ಲೇ ಇದೆ. ಅಂದರೆ ಮಗ ಹಿತ್ತಲ ಬಾಗಿಲು ತೆಗೆಯುವಾಗ ಅಜ್ಜಿ ಕಣ್ಣು ಬಿಟ್ಟುಕೊಂಡು ಮಲಗಿದ್ದಳು, ತಡೆಯಲಿಲ್ಲ. ಇದನ್ನು ನೀನು ಎಲ್ಲೂ ಬರೆದಿರಲಿಲ್ಲ. ನನಗೆ ಎರಡನೇ ಸಲ ಓದುವಾಗ ಹೊಳೆದು ಪುಟ ಮುಚ್ಚಿ ಸ್ವಲ್ಪ ಹೊತ್ತು ಕೂತೆ.

‘ಅಂತೆ’ಗಳನ್ನು ಕಿತ್ತಮೇಲೆ ಅದು ಕಾಣದಾಯಿತು. ನಿನಗೂ ಏನೋ ಕಳೆದುಹೋದ ಹಾಗೆ ಅನಿಸಿರಬೇಕು, ಅದಕ್ಕೇ ಎರಡನೇ ಕರಡಿನಲ್ಲಿ ಹೊಸದಾಗಿ ಒಂದು ಸಾಲು ಸೇರಿಸಿದ್ದೀಯ: ‘ಅಜ್ಜಿ ಎಚ್ಚರವಾಗಿದ್ದಳು. ಎಲ್ಲವನ್ನೂ ನೋಡುತ್ತಿದ್ದಳು.’ ಅದನ್ನು ಹೊಡೆದುಹಾಕು. ಆ ಎರಡು ‘ಅಂತೆ’ ವಾಪಸ್ ಇಡು, ನಡುವೆ ಬೇರೆ ಏನೂ ಬೇಡ. ದೊಡ್ಡಮ್ಮನ ಪ್ರಶ್ನೆ ಮೂರನೆಯದು. ರಾಜನದು ನಾಲ್ಕನೆಯದು, ಅದನ್ನು ಬಿಡಿಸಿ ಬರೆದಮೇಲೆ. ಉಳಿದ ನಾಲ್ಕನ್ನು ನೀನೇ ನೋಡಿ ತೀರ್ಮಾನ ಮಾಡು. ಪೆನ್ಸಿಲ್ ಗುರುತು ಹಾಕಿದ ಪ್ರತಿಯನ್ನು ನಾಳೆ ಪೋಸ್ಟಿಗೆ ಹಾಕ್ತೀನಿ. ಪೋಸ್ಟ್‌ಮ್ಯಾನ್ ರಜೆಯಂತೆ, ಎರಡು ದಿನ ತಡವಾದರೆ ಗಾಬರಿಯಾಗಬೇಡ.

ಇಂತಿ,
ನಿನ್ನ ಅಕ್ಕ